ಎಷ್ಟು ಹಡಗು ಜಖಂ ಎನ್ನುವ ಮೊದಲು ಎಷ್ಟು ತಿಂಗಳು ಎಂದು ಕೇಳಿ

ಐದು ಬಗೆಯ ಸರಕು ಹಡಗುಗಳು. ಮಾಲೀಕರ ಗುಟ್ಟು ಕಾಯಲೋ ಏನೋ, ಪಟ್ಟಿಯಲ್ಲಿ ಅವಕ್ಕೆ ಎ, ಬಿ, ಸಿ, ಡಿ, ಇ ಎಂದಷ್ಟೇ ಹೆಸರು. ಅಲೆಗಳ ಹೊಡೆತಕ್ಕೆ ಹಡಗಿನ ಮುಂಭಾಗ ಜಖಂಗೊಂಡ ಪ್ರಕರಣಗಳನ್ನು ಎಣಿಸಿದ್ದಾರೆ: ಎ ಬಗೆಯಲ್ಲಿ 42, ಬಿ ಬಗೆಯಲ್ಲಿ 253, ಸಿಯಲ್ಲಿ 12, ಡಿಯಲ್ಲಿ 17, ಇಯಲ್ಲಿ 32. ಇಷ್ಟನ್ನೇ ನೋಡಿದ ವ್ಯಾಪಾರಿ ಯಾರೂ ಬಿ ಬಗೆಯ ಹಡಗಿಗೆ ತನ್ನ ಸರಕು ಹೇರಲಾರ. ಎಗಿಂತ ಆರು ಪಟ್ಟು ಪೆಟ್ಟು ತಿಂದ ಹಡಗು ಅದು.

ಅದೇ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ. ಆಯಾ ಬಗೆಯ ಹಡಗುಗಳೆಲ್ಲ ಸೇರಿ ಒಟ್ಟು ಎಷ್ಟು ತಿಂಗಳು ಸೇವೆಯಲ್ಲಿದ್ದವು ಎಂಬ ಲೆಕ್ಕ ಅದರಲ್ಲಿದೆ. ಹತ್ತು ಹಡಗು ಒಂದು ವರ್ಷ ಓಡಿದರೆ 120 ತಿಂಗಳು. ಎ ಬಗೆಯದು 9,489 ತಿಂಗಳು. ಬಿ ಬಗೆಯದು 1,38,317. ಈಗ ಭಾಗಿಸಿ ನೋಡಿ. ಸಾವಿರ ತಿಂಗಳಿಗೆ ಎ ಬಗೆಯಲ್ಲಿ 4.43 ಜಖಂ, ಬಿಯಲ್ಲಿ 1.83, ಸಿಯಲ್ಲಿ 1.94, ಡಿಯಲ್ಲಿ 3.83, ಇಯಲ್ಲಿ 6.24. ಎಣಿಕೆಯಲ್ಲಿ ಎಲ್ಲರಿಗಿಂತ ಮೇಲಿದ್ದ ಬಿ, ದರದಲ್ಲಿ ಎಲ್ಲರಿಗಿಂತ ಕೆಳಗೆ ಬಂತು.

ಈ ಪಟ್ಟಿ ಕಟ್ಟುಕತೆಯಲ್ಲ. ಹಡಗುಗಳ ಗಟ್ಟಿತನವನ್ನು ಪರೀಕ್ಷಿಸಿ ದರ್ಜೆ ಕೊಡುವ ಲಾಯ್ಡ್ಸ್ ರಿಜಿಸ್ಟರ್ ಸಂಸ್ಥೆಯಿಂದ ಬಂದ ದತ್ತಾಂಶ. ಹಡಗಿನ ಒಡಲು ಎಷ್ಟು ಬಲವಾಗಿರಬೇಕು ಎಂಬ ಮಾನದಂಡ ನಿಗದಿ ಮಾಡಲು ಅವರಿಗೆ ಇದು ಬೇಕಿತ್ತು. ಪೀಟರ್ ಮೆಕಲಾ ಮತ್ತು ಜಾನ್ ನೆಲ್ಡರ್ 1983ರಲ್ಲಿ ಪ್ರಕಟಿಸಿದ 'ಜನರಲೈಸ್ಡ್ ಲೀನಿಯರ್ ಮಾಡೆಲ್ಸ್' ಪುಸ್ತಕದಲ್ಲಿ ಇದನ್ನು ಬಿಡಿಸಿ ತೋರಿಸಿದರು. ಅಲ್ಲಿಂದಾಚೆಗೆ ಸಂಖ್ಯಾಶಾಸ್ತ್ರ ಕಲಿತ ತಲೆಮಾರುಗಳು ಈ ಹಡಗುಗಳ ಜೊತೆಗೇ ಕಲಿತಿವೆ. ಅಪಘಾತ, ರೋಗ, ಕಳವು, ದೂರು ಯಾವುದೇ ಇರಲಿ, ಎಣಿಸುವ ಸಂಗತಿಗೆ ದರ ಕಟ್ಟುವಾಗ ಬಳಸುವ 'ಆಫ್‌ಸೆಟ್' ಎಂಬ ಸಣ್ಣ ಉಪಾಯ ಏನು ಮಾಡುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭಾಗಿಸಿದ ಮೇಲೆ ಮುಗಿಯಿತಲ್ಲ, ಇನ್ನೇನು ಉಪಾಯ ಎಂದು ಕೇಳಬಹುದು. ಮುಗಿಯಲಿಲ್ಲ.

ಪಟ್ಟಿಯನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ಹಡಗುಗಳನ್ನು ಬಗೆಯಿಂದ ಮಾತ್ರವಲ್ಲ, ಕಟ್ಟಿದ ಕಾಲದಿಂದಲೂ ಬೇರ್ಪಡಿಸಿದ್ದಾರೆ: 1960–64, 1965–69, 1970–74, 1975–79. ಓಡಿದ ಕಾಲವೂ ಎರಡು ಭಾಗ: 1960ರಿಂದ 74, ಮತ್ತು 1975ರಿಂದ 79. ಹೀಗೆ ಐದು ಬಗೆ, ನಾಲ್ಕು ನಿರ್ಮಾಣ ಕಾಲ, ಎರಡು ಓಡಾಟದ ಕಾಲ ಸೇರಿ 40 ಸಾಲುಗಳು. ಬಿ ಬಗೆಯ ಒಂದು ಸಾಲಿನಲ್ಲಿ 44,882 ತಿಂಗಳ ಸೇವೆ, 39 ಜಖಂ. ಡಿ ಬಗೆಯ ಒಂದು ಸಾಲಿನಲ್ಲಿ ಬರೀ 251 ತಿಂಗಳು, ಜಖಂ ಸೊನ್ನೆ. ಸಾಲುಸಾಲಾಗಿ ಭಾಗಿಸಿ, ಬಂದ ದರಗಳನ್ನು ಒಂದೇ ತಕ್ಕಡಿಯಲ್ಲಿಟ್ಟರೆ ಈ ಡಿ ಸಾಲಿನ ಹಡಗುಗಳಿಗೆ ಅಪಾಯವೇ ಇಲ್ಲ ಎಂದಾಗುತ್ತದೆ. ಆದರೆ 251 ತಿಂಗಳಲ್ಲಿ ನಿರೀಕ್ಷಿಸಬಹುದಾದ ಜಖಂ ಹೆಚ್ಚುಕಡಿಮೆ 0.4 ಮಾತ್ರ. ಅಂಥ ಕಡೆ ಸೊನ್ನೆ ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಆ ಸೊನ್ನೆ ಹಡಗಿನ ಗಟ್ಟಿತನವನ್ನು ಹೇಳುತ್ತಿಲ್ಲ, ಅವಧಿ ಕಡಿಮೆ ಎಂದಷ್ಟೇ ಹೇಳುತ್ತಿದೆ. ಭಾಗಿಸಿದ ಕ್ಷಣದಲ್ಲೇ 44,882ಕ್ಕೂ 251ಕ್ಕೂ ಇದ್ದ ವ್ಯತ್ಯಾಸ ಅಳಿಸಿಹೋಗುತ್ತದೆ. ಆಮೇಲೆ ಅದನ್ನು ದರದಿಂದ ವಾಪಸು ಪಡೆಯುವ ದಾರಿಯಿಲ್ಲ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಬಿ ಬಗೆಯ ಸೇವಾ ತಿಂಗಳುಗಳಲ್ಲಿ 62,058, ಅಂದರೆ ಸುಮಾರು ಅರ್ಧದಷ್ಟು, 1960–64ರಲ್ಲಿ ಕಟ್ಟಿದ ಹಡಗುಗಳವು. ಎ ಬಗೆಯಲ್ಲಿ ಆ ಕಾಲದ ಹಡಗುಗಳ ಸೇವೆ 190 ತಿಂಗಳು ಮಾತ್ರ. ಈಗ, ಆ ಹಳೆಯ ಹಡಗುಗಳೇ ಪೆಟ್ಟು ಕಡಿಮೆ ತಿನ್ನುವವಾಗಿದ್ದರೆ? ಆಗ ಬಿಯ ಕಡಿಮೆ ದರಕ್ಕೆ ಬಿ ಎಂಬ ವಿನ್ಯಾಸ ಎಷ್ಟು ಕಾರಣ, ಹಳೆಯ ಹಡಗು ಎಂಬುದು ಎಷ್ಟು ಕಾರಣ ಎಂದು ಬಿಡಿಸಬೇಕಾಗುತ್ತದೆ. ಅದನ್ನು ಬಿಡಿಸುವುದು ರಿಗ್ರೆಷನ್ ಕೆಲಸ. ಅವಧಿಯ ಲೆಕ್ಕವನ್ನು ಆ ರಿಗ್ರೆಷನ್ ಒಳಗೇ ಸರಿಯಾದ ಜಾಗದಲ್ಲಿ ಕೂರಿಸುವುದು ಆಫ್‌ಸೆಟ್ ಕೆಲಸ.

ಹೇಗೆ ಎಂದರೆ, ಒಂದು ಸಾಲಿನಲ್ಲಿ ನಿರೀಕ್ಷಿಸಬೇಕಾದ ಜಖಂ ಸಂಖ್ಯೆ ಗುಣಾಕಾರದಿಂದ ಬರುತ್ತದೆ ಎಂದು ಇಟ್ಟುಕೊಳ್ಳುತ್ತೇವೆ. ಸೇವಾ ತಿಂಗಳು ಗುಣಿಸು ಮೂಲ ದರ, ಗುಣಿಸು ಬಗೆಯ ಅಂಶ, ಗುಣಿಸು ನಿರ್ಮಾಣ ಕಾಲದ ಅಂಶ, ಗುಣಿಸು ಓಡಾಟದ ಕಾಲದ ಅಂಶ. ಲಾಗರಿದಮ್ ತೆಗೆದುಕೊಂಡರೆ ಗುಣಾಕಾರವೆಲ್ಲ ಸಂಕಲನವಾಗುತ್ತದೆ. ಕಂಪ್ಯೂಟರ್ ನಿಜಕ್ಕೂ ಕೂಡುವುದು ಇದನ್ನು:

```
log(incidents) = log(service) + a + type + year + period
```

ಎಡಬದಿಯಲ್ಲಿರುವುದು ನಿರೀಕ್ಷಿತ ಎಣಿಕೆಯ ಲಾಗ್. ಬಲಬದಿಯ ಬಗೆ, ನಿರ್ಮಾಣ ಕಾಲ, ಓಡಾಟದ ಕಾಲ ಇವುಗಳ ಬೆಲೆಯನ್ನು ದತ್ತಾಂಶದಿಂದ ಕಂಡುಹಿಡಿಯಬೇಕು. ಆದರೆ ಮೊದಲನೆಯ ಪದ `log(service)` ಬೇರೆ ಜಾತಿಯದು. ಅದರ ಬೆಲೆ ನಮಗೆ ಮೊದಲೇ ಗೊತ್ತು. ಅದರ ಮುಂದಿನ ಗುಣಾಂಕವನ್ನು 1 ಎಂದು ನಾವೇ ಕಟ್ಟಿಹಾಕಿದ್ದೇವೆ. ಅವಧಿ ಎರಡು ಪಟ್ಟಾದರೆ ನಿರೀಕ್ಷಿತ ಜಖಂ ಕೂಡ ಸರಿಯಾಗಿ ಎರಡು ಪಟ್ಟು ಎನ್ನುವುದು ಇದರ ಅರ್ಥ. ಹೀಗೆ ಗುಣಾಂಕ ಕಟ್ಟಿಹಾಕಿ ಸೇರಿಸಿದ ಪದವೇ ಆಫ್‌ಸೆಟ್. `log(service)` ಅನ್ನು ಎಡಕ್ಕೆ ಸಾಗಿಸಿದರೆ ಉಳಿಯುವುದು ದರದ ಲಾಗ್. ಹಾಗಾಗಿ ನಾವು ದರವನ್ನೇ ಅಳೆಯುತ್ತಿದ್ದೇವೆ, ಆದರೂ ಎಣಿಕೆಯನ್ನು ಎಣಿಕೆಯಾಗಿಯೇ ಉಳಿಸಿಕೊಂಡಿದ್ದೇವೆ. 39 ಎಂಬುದು 39 ಆಗಿಯೇ ಇದೆ, ಸೊನ್ನೆ ಸೊನ್ನೆಯಾಗಿಯೇ ಇದೆ. ಯಾವ ಸಾಲು ಎಷ್ಟು ಗಟ್ಟಿಯಾಗಿ ಮಾತನಾಡಬೇಕು ಎಂಬುದನ್ನು, ಎಣಿಕೆಗಳಿಗೆ ಹೊಂದುವ ಪಾಯ್ಸಾನ್ ವಿತರಣೆ ತಾನೇ ನೋಡಿಕೊಳ್ಳುತ್ತದೆ.

ಉತ್ತರ ಹೀಗೆ ಬರುತ್ತದೆ. 1960–64ರಲ್ಲಿ ಕಟ್ಟಿ 1960–74ರಲ್ಲಿ ಓಡಿದ ಎ ಬಗೆಯ ಹಡಗಿಗೆ ಸಾವಿರ ತಿಂಗಳಿಗೆ 1.65 ಜಖಂ. ಇದು ಮೂಲ ದರ. ಬಿ ಬಗೆಗೆ ಇದನ್ನು 0.58ರಿಂದ, ಸಿ ಬಗೆಗೆ 0.50ರಿಂದ, ಡಿಗೆ 0.93ರಿಂದ, ಇಗೆ 1.39ರಿಂದ ಗುಣಿಸಬೇಕು. 1965–69ರಲ್ಲಿ ಕಟ್ಟಿದ್ದಾದರೆ 2.01ರಿಂದ, 1970–74ರದ್ದಾದರೆ 2.27ರಿಂದ, 1975–79ರದ್ದಾದರೆ 1.57ರಿಂದ. ಓಡಿದ್ದು 1975ರ ನಂತರವಾದರೆ 1.47ರಿಂದ. ಹೊಸ ಹಡಗು ಗಟ್ಟಿ ಎಂಬ ನಮ್ಮ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಈ ಪಟ್ಟಿಯಲ್ಲಿ 60ರ ದಶಕದ ಮೊದಲರ್ಧದ ಹಡಗುಗಳೇ ಹೆಚ್ಚು ತಾಳಿಕೊಂಡವು.

ಒಂದು ಸಾಲನ್ನು ಕೈಯಲ್ಲೇ ಲೆಕ್ಕ ಹಾಕಬಹುದು. 1965–69ರಲ್ಲಿ ಕಟ್ಟಿ, 1975–79ರಲ್ಲಿ ಓಡಿದ ಬಿ ಬಗೆಯ ಹಡಗುಗಳನ್ನು ತೆಗೆದುಕೊಳ್ಳಿ. 1.65ನ್ನು 0.58ರಿಂದ, ಆಮೇಲೆ 2.01ರಿಂದ, ಆಮೇಲೆ 1.47ರಿಂದ ಗುಣಿಸಿದರೆ ಸಾವಿರ ತಿಂಗಳಿಗೆ 2.83 ಬರುತ್ತದೆ. ಆ ಹಡಗುಗಳ ಸೇವೆ 20,370 ತಿಂಗಳು, ಅಂದರೆ 20.37 ಸಾವಿರ. ಗುಣಿಸಿದರೆ 57.6. ನಿಜಕ್ಕೂ ಆದ ಜಖಂ 53. ಪರವಾಗಿಲ್ಲ ಎನ್ನಬಹುದಾದ ಹೊಂದಿಕೆ.

ಈಗ ಹಿಂದಿನ ಸಂಖ್ಯೆಗಳ ಜೊತೆ ಹೋಲಿಸಿ. ಬರೀ ಎಣಿಕೆಯಲ್ಲಿ ಬಿ ಬಗೆ ಎಗಿಂತ 6.02 ಪಟ್ಟು ಕೆಟ್ಟದು. ಆಫ್‌ಸೆಟ್ ಹಾಕುವುದನ್ನು ಮರೆತು ಇದೇ ರಿಗ್ರೆಷನ್ ಓಡಿಸಿದರೂ ಬರುವುದು ಸರಿಯಾಗಿ ಅದೇ 6.02, ನಿರ್ಮಾಣ ಕಾಲ, ಓಡಾಟದ ಕಾಲ ಎಲ್ಲ ಹಾಕಿದರೂ ಕದಲುವುದಿಲ್ಲ. ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸುವುದಿಲ್ಲ, ಅಂಕಿಯ ಪಕ್ಕದಲ್ಲಿ ನಂಬಿಕೆಗೆ ಅರ್ಹ ಎನ್ನುವ ನಕ್ಷತ್ರಗಳನ್ನೂ ಧಾರಾಳವಾಗಿ ಹಾಕುತ್ತದೆ. ಬರೀ ಭಾಗಾಕಾರದಲ್ಲಿ ಬಿ ಬಗೆ ಎಯ 0.41ರಷ್ಟು. ಆಫ್‌ಸೆಟ್ ಸಹಿತ ರಿಗ್ರೆಷನ್‌ನಲ್ಲಿ 0.58. ಬಿ ಒಳ್ಳೆಯ ಹಡಗೇ, ಆದರೆ ಭಾಗಾಕಾರ ಹೇಳಿದಷ್ಟು ಒಳ್ಳೆಯದಲ್ಲ; ಅದರ ಹೊಗಳಿಕೆಯಲ್ಲಿ ಒಂದು ಪಾಲು ಹಳೆಯ ಹಡಗುಗಳಿಗೆ ಸೇರಬೇಕಾದದ್ದು.

ಸಿ ಬಗೆ 0.50 ಪಡೆದು ಬಿಯನ್ನೂ ಹಿಂದೆ ಹಾಕಿದೆಯಲ್ಲ, ಹಾಗಾದರೆ ಅದೇ ಎಲ್ಲಕ್ಕಿಂತ ಸುರಕ್ಷಿತವೇ? ಅವಸರ ಬೇಡ. ಸಿಯ ಅಂಕಿ ನಿಂತಿರುವುದು ಹನ್ನೆರಡೇ ಪ್ರಕರಣಗಳ ಮೇಲೆ. ಈ ಪಟ್ಟಿಯಲ್ಲಿ ಏರಿಳಿತ ಕೂಡ ಪಾಯ್ಸಾನ್ ವಿತರಣೆ ಒಪ್ಪುವುದಕ್ಕಿಂತ ಹೆಚ್ಚಿದೆ, ಸುಮಾರು 1.69 ಪಟ್ಟು. ಒಂದೇ ಹಡಗು ಮತ್ತೆ ಮತ್ತೆ ಪೆಟ್ಟು ತಿನ್ನಬಹುದು, ಬಿರುಗಾಳಿಯಲ್ಲಿ ಒಬ್ಬ ಕ್ಯಾಪ್ಟನ್ ವೇಗ ತಗ್ಗಿಸಬಹುದು, ಇನ್ನೊಬ್ಬ ತಗ್ಗಿಸದಿರಬಹುದು. ಪ್ರಕರಣಗಳು ಒಂದಕ್ಕೊಂದು ಸಂಬಂಧವೇ ಇಲ್ಲದವು ಎನ್ನಲಾಗದು. ಹಾಗಾಗಿ ಅನಿಶ್ಚಿತತೆಯ ಅಳತೆಯನ್ನು 1.3 ಪಟ್ಟು ಹಿಗ್ಗಿಸಬೇಕು. ಹಿಗ್ಗಿಸಿದ ಮೇಲೆ ಬಿಯ 0.58 ಎಂಬುದು 0.37ರಿಂದ 0.91ರ ನಡುವೆ ಎಲ್ಲಾದರೂ ಇರಬಹುದು ಎಂದಾಗುತ್ತದೆ. ಸಿಯ 0.50 ಮಾತ್ರ 0.2ರಿಂದ 1.2ರವರೆಗೆ ಚಾಚುತ್ತದೆ. ಸಿ ಬಗೆ ಎಗಿಂತ ತುಸು ಕೆಟ್ಟದ್ದಾಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಎಗಿಂತ ಬಿ ಮೇಲು ಎಂದು ಧೈರ್ಯವಾಗಿ ಹೇಳಬಹುದು. ಸಿ ಬಗ್ಗೆ ಬಾಯಿಮುಚ್ಚಿಕೊಳ್ಳುವುದು ಲೇಸು. ಅಂದಹಾಗೆ, ಮಾದರಿಗೆ ಚೂರೂ ಒಗ್ಗದ ಸಾಲು ಕೂಡ ಸಿ ಬಗೆಯದೇ. 1970–74ರಲ್ಲಿ ಕಟ್ಟಿ ಆ ಅವಧಿಯಲ್ಲೇ ಓಡಿದ ಹಡಗುಗಳಿಗೆ 783 ತಿಂಗಳಲ್ಲಿ ಒಂದೂವರೆ ಜಖಂ ನಿರೀಕ್ಷೆಯಿದ್ದರೆ ಆಗಿದ್ದು ಆರು. ಲೆಕ್ಕ ಮುಗಿಯಿತು ಎನ್ನುವ ಮೊದಲು ಇಂಥ ಸಾಲುಗಳ ಕಡತ ತೆಗೆದು ನೋಡಬೇಕು.

ಇದನ್ನು ಓದುಗರು ತಾವೇ ಮಾಡಿ ನೋಡಬಹುದು. ಆರ್ ಎಂಬ ಉಚಿತ ತಂತ್ರಾಂಶದ ಜೊತೆಗೇ ಬರುವ ಒಂದು ಪ್ಯಾಕೇಜಿನಲ್ಲಿ ಈ ಹಡಗುಗಳ ಪಟ್ಟಿ ಇದೆ.

```r
library(MASS)
d <- subset(ships, service > 0)
d$year <- factor(d$year)
d$period <- factor(d$period)
m <- glm(incidents ~ type + year + period +
           offset(log(service)),
         family = quasipoisson, data = d)
exp(coef(m))
```

ಎರಡನೆಯ ಸಾಲಿನಲ್ಲಿ `service > 0` ಎಂದು ಸೋಸಿದ್ದೇಕೆ? 1975ರ ನಂತರ ಕಟ್ಟಿದ ಹಡಗು 1974ರೊಳಗೆ ಓಡಲು ಸಾಧ್ಯವಿಲ್ಲ. ಆದ್ದರಿಂದ ಐದು ಬಗೆಯಲ್ಲೂ ಆ ಸಾಲಿನ ಸೇವೆ ಸೊನ್ನೆ. ಇ ಬಗೆಯ ಇನ್ನೊಂದು ಸಾಲಿನಲ್ಲೂ ಹಾಗೇ ಆಗಿದೆ. ಸೊನ್ನೆಗೆ ಲಾಗ್ ಇಲ್ಲ. ಕೆಲವರು ಇಂಥ ಕಡೆ ಅವಧಿಗೆ 1 ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಅದು ನಡೆಯದ ಯಾನವನ್ನು ನಡೆಸಿ, ಅಲ್ಲಿ ಜಖಂ ಆಗಲಿಲ್ಲ ಎಂದು ಸಾಕ್ಷಿ ಹೇಳಿಸಿದಂತೆ. ಆ ಆರು ಸಾಲುಗಳಿಗೆ ಹೇಳಲು ಏನೂ ಇಲ್ಲ, ಬಿಟ್ಟುಬಿಡಬೇಕು; 34 ಉಳಿಯುತ್ತವೆ. ಆದರೆ ಅವಧಿ ಇದ್ದು ಜಖಂ ಸೊನ್ನೆಯಾದ ಸಾಲನ್ನು ಯಾವ ಕಾರಣಕ್ಕೂ ಬಿಡಬಾರದು. ಅದು ಪಕ್ಕಾ ಮಾಹಿತಿ.

ಹೆಚ್ಚು ಎಡವಟ್ಟಾಗುವುದು ಲಾಗ್ ವಿಷಯದಲ್ಲಿ. ಆಫ್‌ಸೆಟ್‌ಗೆ ತಿಂಗಳನ್ನೇ ಕೊಟ್ಟು ಅದರ ಲಾಗ್ ಕೊಡುವುದನ್ನು ಮರೆತರೆ, ಮಾದರಿ 44,882ನ್ನು ಘಾತದ ಜಾಗಕ್ಕೆ ಏರಿಸುತ್ತದೆ. ಅಷ್ಟು ದೊಡ್ಡ ಸಂಖ್ಯೆ ಕಂಪ್ಯೂಟರಿನಲ್ಲಿ ಹಿಡಿಯುವುದಿಲ್ಲ, ಗಲಾಟೆ ಮಾಡಿ ನಿಲ್ಲುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ವಾಹನಗಳನ್ನು ಲಕ್ಷದಲ್ಲಿ ಬರೆದಿಟ್ಟು 0.5, 1.2, 2.0 ಎಂದು ಕೊಟ್ಟರೆ ಗಲಾಟೆ ಇಲ್ಲ. ಉತ್ತರ ಚೊಕ್ಕವಾಗಿ ಬರುತ್ತದೆ, ತಪ್ಪಾಗಿ ಬರುತ್ತದೆ. ಪೈಥಾನ್‌ನ `statsmodels` ಬಳಸುವವರಿಗೆ ಇನ್ನೊಂದು ಗುಂಡಿ ಇದೆ: ಅಲ್ಲಿ `exposure=` ಎಂದು ಕೊಟ್ಟರೆ ಅದು ತಾನೇ ಲಾಗ್ ತೆಗೆದುಕೊಳ್ಳುತ್ತದೆ, `offset=` ಎಂದು ಕೊಟ್ಟರೆ ನಾವೇ ತೆಗೆದು ಕೊಡಬೇಕು. ಸರಿಯಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆ ಇದೆ. ಅವಧಿಯ ಮಾನವನ್ನು ಬದಲಿಸಿ, ಉದಾಹರಣೆಗೆ ತಿಂಗಳ ಬದಲು ಸಾವಿರ ತಿಂಗಳು ಮಾಡಿ, ಮತ್ತೆ ಓಡಿಸಿ. ಮೂಲ ದರ 0.00165 ಇದ್ದದ್ದು 1.65 ಆಗಬೇಕು. ಬಗೆ ಮತ್ತು ಕಾಲದ ಅಂಶಗಳು ಒಂದಿನಿತೂ ಅಲುಗಾಡಬಾರದು. ಅಲುಗಾಡಿದರೆ ಲಾಗ್ ಎಲ್ಲೋ ತಪ್ಪಿದೆ.

ಇನ್ನು ಆ ಗುಣಾಂಕ 1ರ ಮಾತು. ಅದನ್ನು ಕಟ್ಟಿಹಾಕಿದವರು ನಾವು, ದತ್ತಾಂಶವಲ್ಲ. ಕಟ್ಟು ಬಿಚ್ಚಿ, `log(service)` ಅನ್ನು ಉಳಿದವುಗಳಂತೆ ಮಾಮೂಲಿ ಪದವಾಗಿ ಸೇರಿಸಿದರೆ ಅದರ ಗುಣಾಂಕವನ್ನು ಕಂಪ್ಯೂಟರೇ ಹುಡುಕಿ ಹೇಳುತ್ತದೆ. ಹಡಗುಗಳಲ್ಲಿ ಅದು 0.90 ಬರುತ್ತದೆ, ಆಚೀಚೆ 0.13ರಷ್ಟು ಪ್ರಮಾಣಿತ ದೋಷದೊಡನೆ. 1 ಎಂಬುದು ಅದರ ಕೈಯಳತೆಯಲ್ಲೇ ಇದೆ. ಆಫ್‌ಸೆಟ್ ಇಲ್ಲಿ ಸಲ್ಲುತ್ತದೆ.

ಎಲ್ಲ ಕಡೆ ಸಲ್ಲುವುದಿಲ್ಲ. ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘ 2010ರಲ್ಲಿ ಹೊರತಂದ 'ಹೈವೇ ಸೇಫ್ಟಿ ಮ್ಯಾನ್ಯುಅಲ್' ಈ ವಿಷಯದಲ್ಲಿ ಕಣ್ಣು ತೆರೆಸುತ್ತದೆ. ಹಳ್ಳಿಗಾಡಿನ ಎರಡು ಪಥದ ರಸ್ತೆಯ ನೇರ ತುಂಡಿಗೆ ಅದು ಕೊಡುವ ಸೂತ್ರದಲ್ಲಿ ವಾಹನ ಸಂಖ್ಯೆಯ ಗುಣಾಂಕ ಸರಿಯಾಗಿ 1: ವಾಹನ ಎರಡು ಪಟ್ಟು, ಅಪಘಾತ ಎರಡು ಪಟ್ಟು. ಅದೇ ರಸ್ತೆಗೆ ಪಕ್ಕದಿಂದ ಒಂದು ಸಣ್ಣ ರಸ್ತೆ ಬಂದು ಸೇರುವ ಜಾಗಕ್ಕೆ ಬಂದಾಗ ಸೂತ್ರ ಬದಲಾಗುತ್ತದೆ. ಮುಖ್ಯ ರಸ್ತೆಯ ವಾಹನಗಳಿಗೆ 0.79, ಅಡ್ಡರಸ್ತೆಯ ವಾಹನಗಳಿಗೆ 0.49. ಮುಖ್ಯ ರಸ್ತೆಯಲ್ಲಿ ವಾಹನ ಎರಡು ಪಟ್ಟಾದರೆ ಅಪಘಾತ 1.73 ಪಟ್ಟು ಮಾತ್ರ. ಇಂಥ ಕೂಡುರಸ್ತೆಗಳನ್ನು 'ಸಾವಿರ ವಾಹನಕ್ಕೆ ಇಷ್ಟು' ಎಂದು ಅಳೆದರೆ ಏನಾಗುತ್ತದೆ ನೋಡಿ. ವಾಹನ ದಟ್ಟಣೆ ಎರಡು ಪಟ್ಟಿರುವ ಜಾಗದ ದರ, ಬೇರೆಲ್ಲ ಒಂದೇ ಇದ್ದರೂ, ಶೇಕಡಾ 13ರಿಂದ 14ರಷ್ಟು ಕಡಿಮೆ ಕಾಣುತ್ತದೆ. ಅಲ್ಲಿನ ಎಂಜಿನಿಯರ್ ಏನೂ ಮಾಡದೆ ಶಹಬ್ಬಾಸ್‌ಗಿರಿ ಪಡೆಯುತ್ತಾನೆ, ವಾಹನ ಕಡಿಮೆ ಇರುವ ಊರಿನವನು ವಿನಾಕಾರಣ ನೋಟಿಸ್ ಪಡೆಯುತ್ತಾನೆ. ಇಂಥ ಕಡೆ ವಾಹನ ಸಂಖ್ಯೆಯ ಗುಣಾಂಕವನ್ನು ಬಿಚ್ಚಿಬಿಡಬೇಕು. ಎಷ್ಟು ವರ್ಷದ ಅಪಘಾತಗಳನ್ನು ಎಣಿಸಿದ್ದೇವೆ ಎಂಬುದನ್ನು ಮಾತ್ರ ಆಫ್‌ಸೆಟ್ ಆಗಿ ಉಳಿಸಿಕೊಳ್ಳಬಹುದು.

ನಮ್ಮ ದೇಶದ ರಸ್ತೆಗಳಿಗೆ ಬಂದರೆ ತೊಡಕು ಇನ್ನೂ ಬುಡದಲ್ಲೇ ಇದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರತಿವರ್ಷ ರಾಜ್ಯವಾರು ಅಪಘಾತಗಳ ವರದಿ ಹೊರಡಿಸುತ್ತದೆ. 2022ರಲ್ಲಿ ಅಪಘಾತಗಳ ಎಣಿಕೆಯಲ್ಲಿ ತಮಿಳುನಾಡು ಮೊದಲು, ಸಾವಿನ ಎಣಿಕೆಯಲ್ಲಿ ಉತ್ತರ ಪ್ರದೇಶ. ಎಣಿಕೆಯ ಪಟ್ಟಿ ಹಿಡಿದು ರಾಜ್ಯಗಳನ್ನು ಬೈಯುವುದು ತಪ್ಪೆಂದು ಈಗ ಓದುಗರಿಗೂ ಗೊತ್ತು. ಹಾಗಾದರೆ ಯಾವುದರಿಂದ ಭಾಗಿಸೋಣ, ಯಾವುದನ್ನು ಆಫ್‌ಸೆಟ್ ಮಾಡೋಣ? ಕೈಗೆ ಸುಲಭವಾಗಿ ಸಿಗುವುದು ನೋಂದಾಯಿತ ವಾಹನಗಳ ಸಂಖ್ಯೆ. ಆದರೆ ಗುಜರಿಗೆ ಹೋದ ಎಷ್ಟೋ ಸ್ಕೂಟರುಗಳು ಆರ್‌ಟಿಒ ಕಡತದಲ್ಲಿ ಇನ್ನೂ ಜೀವಂತ. ಇತ್ತ ಚಿತ್ರದುರ್ಗ, ದಾವಣಗೆರೆ ಹಾಯ್ದು ಹೋಗುವ ಲಾರಿಗಳಲ್ಲಿ ಬಹಳಷ್ಟರ ನೋಂದಣಿ ಮಹಾರಾಷ್ಟ್ರದಲ್ಲೋ ತಮಿಳುನಾಡಿನಲ್ಲೋ ಇರುತ್ತದೆ. ಅಪಘಾತವಾದರೆ ಎಣಿಕೆ ನಮ್ಮ ಜಿಲ್ಲೆಗೆ, ವಾಹನದ ಎಣಿಕೆ ಅವರ ರಾಜ್ಯಕ್ಕೆ.

ಎಲ್ಲ ಜಿಲ್ಲೆಗಳ ಲೆಕ್ಕವೂ ಒಂದೇ ಪ್ರಮಾಣದಲ್ಲಿ ಉಬ್ಬಿದ್ದರೆ ಹೆಚ್ಚಿನ ಹಾನಿಯಿಲ್ಲ. ಹಡಗಿನಲ್ಲಿ ತಿಂಗಳನ್ನು ಸಾವಿರ ತಿಂಗಳು ಮಾಡಿದಾಗ ಆದಂತೆ ಮೂಲ ದರವೊಂದು ಸರಿದು ಹೋಲಿಕೆಗಳು ಹಾಗೇ ಉಳಿಯುತ್ತವೆ. ಆದರೆ ಒಂದು ಜಿಲ್ಲೆಯ ಕಡತ ಮಾತ್ರ ಶೇಕಡಾ 30ರಷ್ಟು ಉಬ್ಬಿದೆ ಎನ್ನಿ. ಆಫ್‌ಸೆಟ್‌ನ ಗುಣಾಂಕ 1, ಅದು ಅನುಮಾನಿಸುವುದಿಲ್ಲ, ತಿದ್ದುವುದಿಲ್ಲ. ಉಬ್ಬಿದ ಅಂಕಿಯನ್ನು ಇದ್ದಂತೆಯೇ ಒಯ್ದು ಉತ್ತರಕ್ಕೆ ಸುರಿಯುತ್ತದೆ. ಆ ಜಿಲ್ಲೆಯ ದರ ನಿಜವಾದದ್ದರ 0.77ರಷ್ಟೇ ಕಾಣುತ್ತದೆ, ರಸ್ತೆಯಲ್ಲಿ ಒಂದು ಉಬ್ಬನ್ನೂ ಹಾಕದೆ ಅಪಘಾತ ಶೇಕಡಾ 23 ಇಳಿದುಹೋಯಿತು. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಮದ್ದಿಲ್ಲ. ರಸ್ತೆಯ ಮೇಲೆ ನಿಂತು ವಾಹನ ಎಣಿಸಬೇಕು, ಪೆಟ್ರೋಲ್ ಮಾರಾಟದ ಲೆಕ್ಕ ತಾಳೆ ನೋಡಬೇಕು, ಓಡಿದ ಕಿಲೋಮೀಟರ್ ಅಂದಾಜು ಮಾಡಬೇಕು. ಪತ್ರಿಕೆಯಲ್ಲಿ 'ಸಾವಿರ ವಾಹನಕ್ಕೆ ಇಷ್ಟು ಅಪಘಾತ' ಎಂಬ ಪಟ್ಟಿ ಕಂಡಾಗ ಮೇಲಿನ ಅಂಕಿಯ ಬಗ್ಗೆ ಜಗಳ ಆಡುವ ಮೊದಲು, ಕೆಳಗಿರುವ ಸಾವಿರ ವಾಹನ ಯಾವುದು ಎಂದು ವಿಚಾರಿಸಿ: ಕಡತದಲ್ಲಿದ್ದವೋ, ರಸ್ತೆಯಲ್ಲಿ ಓಡಿದವೋ.